ಪುಡಿ ಹಳದಿಯಾದ ಮಾತ್ರಕ್ಕೆ ಬ್ಯಾಂಡ್ ಗ್ಯಾಪ್ ಕುಗ್ಗಿತೇ? ಟೌಕ್ ಪ್ಲಾಟ್‌ನಲ್ಲಿ ಗೆರೆ ಎಳೆಯುವ ಲೆಕ್ಕ

ಪ್ರಶ್ನೆ: ಸೋಲ್-ಜೆಲ್ ವಿಧಾನದಲ್ಲಿ ಟೈಟಾನಿಯಂ ಡೈಆಕ್ಸೈಡ್ ಮಾಡಿ, ಅದರ ಒಂದು ಪಾಲನ್ನು ಯೂರಿಯಾ ಜೊತೆ ಅರೆದು ಮುಚ್ಚಿದ ಕ್ರೂಸಿಬಲ್‌ನಲ್ಲಿ 450 ಡಿಗ್ರಿಗೆ ಕಾಯಿಸಿದೆ. ಪುಡಿ ಹಳದಿಯಾಯಿತು. ಎಕ್ಸ್‌ಆರ್‌ಡಿಯಲ್ಲಿ ಎರಡೂ ಅನಟೇಸ್. ಡಿಆರ್‌ಎಸ್ ತೆಗೆದು ಟೌಕ್ ಪ್ಲಾಟ್ ಹಾಕಿದಾಗ ಬಿಳಿ ಪುಡಿಗೆ ಒಂದು ಘಾತದಲ್ಲಿ 3.20, ಇನ್ನೊಂದರಲ್ಲಿ 3.33 ಇವಿ ಬಂತು. ಹಳದಿ ಪುಡಿಗೆ 2.32. "ಇದು ಬ್ಯಾಂಡ್ ಗ್ಯಾಪ್ ಅಲ್ಲ, ಗೆರೆ ಎಳೆದಿರುವ ಜಾಗವೇ ತಪ್ಪು" ಎಂದು ರಿವ್ಯೂವರ್ ಬರೆದಿದ್ದಾರೆ. ಆದರೆ ನನ್ನ ಗೆರೆಗೆ ಆರ್-ಸ್ಕ್ವೇರ್ 0.99 ಇದೆ. ತಪ್ಪು ಎಲ್ಲಿ ಆಗಿದೆ, ಯಾವ ಸಂಖ್ಯೆ ಬರೆಯಲಿ? ರೀಡಿಂಗ್‌ಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ರಿವ್ಯೂವರ್ ಹೇಳಿರುವುದು ಸರಿ. ನೀವು ಕಳಿಸಿದ ರೀಡಿಂಗ್‌ಗಳಿಂದಲೇ ಲೆಕ್ಕ ಹಾಕಿದರೆ ಬಿಳಿ ಪುಡಿಗೆ 3.20, ಹಳದಿ ಪುಡಿಗೆ 3.22 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಈ ವಿಧಾನದ ನಿಖರತೆಗೆ ಅವೆರಡೂ ಒಂದೇ. ಅಂದರೆ ಯೂರಿಯಾದಿಂದ ನಿಮ್ಮ ಟೈಟಾನಿಯಾದ ಗ್ಯಾಪ್ ಕುಗ್ಗಿಲ್ಲ. ಗ್ಯಾಪ್‌ನ ಕೆಳಗೆ ಹೊಸದೊಂದು ಹೀರಿಕೆ ಸೇರಿಕೊಂಡಿದೆ. ಪುಡಿ ಹಳದಿಯಾಗಿ ಕಾಣುವುದು ಅದರಿಂದ. 2.32 ಎಂಬುದು ಆ ಹೊಸ ಹೀರಿಕೆಯ ಇಳಿಜಾರನ್ನು ಅಕ್ಷದವರೆಗೆ ಎಳೆದಾಗ ಸಿಕ್ಕ ಸಂಖ್ಯೆ, ಅಷ್ಟೆ.

ಮೊದಲು ನಿಮ್ಮ ಸಂಖ್ಯೆಗಳನ್ನೇ ಹಿಡಿದು ಹೋಗೋಣ. ಸ್ಪ್ರೆಡ್‌ಶೀಟ್‌ನಲ್ಲಿ A ಕಾಲಂನಲ್ಲಿ ತರಂಗಾಂತರ ನ್ಯಾನೋಮೀಟರ್‌ನಲ್ಲಿ, B ಕಾಲಂನಲ್ಲಿ ಪ್ರತಿಫಲನ ಶೇಕಡದಲ್ಲಿ ಇರಲಿ. ಉಳಿದ ಮೂರು ಕಾಲಂ ಹೀಗೆ:

```
C2:  =1239.84/A2
D2:  =(1-B2/100)^2/(2*B2/100)
E2:  =SQRT(C2*D2)
```

C ಎಂಬುದು ಫೋಟಾನ್‌ನ ಶಕ್ತಿ hν. D ಎಂಬುದು ಕುಬೆಲ್ಕಾ-ಮಂಕ್ ಫಲನ F(R). 1931ರಿಂದ ಬಳಕೆಯಲ್ಲಿರುವ ಈ ಸೂತ್ರ ಹೀರಿಕೆಯನ್ನು ಚದುರಿಕೆಯಿಂದ ಭಾಗಿಸಿದ ಬೆಲೆಯನ್ನು ಕೊಡುತ್ತದೆ. ಹೀರಿಕೆ ಥಟ್ಟನೆ ಏರುವ ಅಂಚಿನ ಸುತ್ತಲಿನ ಕಿರಿದಾದ ವ್ಯಾಪ್ತಿಯಲ್ಲಿ ಚದುರಿಕೆ ಹೆಚ್ಚು ಬದಲಾಗುವುದಿಲ್ಲ ಎಂದು ಒಪ್ಪಿಕೊಂಡರೆ F(R) ಅನ್ನು ಹೀರಿಕೆಯ ಗುಣಾಂಕದ ಬದಲಿಗೆ ಇಡಬಹುದು. ಪುಡಿಗೆ ದಪ್ಪ ಎಂಬುದೊಂದು ಇಲ್ಲದಿರುವುದರಿಂದ, ಸಾಫ್ಟ್‌ವೇರ್ ಕೊಡುವ ಅಬ್ಸಾರ್ಬೆನ್ಸ್ ಕಾಲಂನಿಂದ ಗುಣಾಂಕ ತೆಗೆಯುವುದಕ್ಕೆ ಅರ್ಥವಿಲ್ಲ. E ಕಾಲಂ ಪರೋಕ್ಷ ಗ್ಯಾಪ್‌ಗೆ ಬೇಕಾದ ವರ್ಗಮೂಲ.

B2 ಅನ್ನು 100ರಿಂದ ಭಾಗಿಸುವುದನ್ನು ಮರೆತರೆ ಏನಾಗುತ್ತದೆಂದು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದು ತೀರಾ ಸಾಮಾನ್ಯ ತಪ್ಪು. 90 ಎಂಬ ಪ್ರತಿಫಲನಕ್ಕೆ ಫಲನ 44 ಬರುತ್ತದೆ, 5ಕ್ಕೆ 1.6. ಅಂದರೆ ವಕ್ರವೇ ತಲೆಕೆಳಗಾಗುತ್ತದೆ: ಪುಡಿ ಬೆಳಕನ್ನು ಹೆಚ್ಚು ಹೀರುವ ಕಡೆ F(R) ಇಳಿಯುತ್ತದೆ. ಶಕ್ತಿ ಹೆಚ್ಚಿದಂತೆ ನಿಮ್ಮ F(R) ಏರುತ್ತಿದೆಯೇ ಎಂದು ನೋಡಿದರೆ ಸಾಕು, ತಪ್ಪು ಸಿಕ್ಕಿಬೀಳುತ್ತದೆ. ನಿಮ್ಮದರಲ್ಲಿ ಅದು ಸರಿಯಾಗಿದೆ.

ಬಿಳಿ ಪುಡಿ:

| ತರಂಗಾಂತರ | ಪ್ರತಿಫಲನ % | hν | F(R) | ವರ್ಗಮೂಲ |
|---|---|---|---|---|
| 365 | 15 | 3.397 | 2.41 | 2.86 |
| 370 | 22 | 3.351 | 1.38 | 2.15 |
| 376 | 35 | 3.297 | 0.60 | 1.41 |
| 450 | 96 | 2.755 | 0.0008 | 0.05 |

ಮೇಲಿನ ಮೂರು ಬಿಂದುಗಳ ಮೂಲಕ ಗೆರೆ ಎಳೆದರೆ ಇಳಿಜಾರು ಸುಮಾರು 14.6. ಅದು ಅಕ್ಷವನ್ನು 3.20ರಲ್ಲಿ ಮುಟ್ಟುತ್ತದೆ. ಗ್ಯಾಪ್‌ನ ಕೆಳಗೆ, 450 ನ್ಯಾನೋಮೀಟರ್‌ನಲ್ಲಿ, ಬೆಲೆ 0.05, ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಬಿಳಿ ಪುಡಿಯ ಮಟ್ಟಿಗೆ ಅಕ್ಷದವರೆಗೆ ಎಳೆದರೂ, ಕೆಳಗಿನ ಮಟ್ಟದವರೆಗೆ ಎಳೆದರೂ ಉತ್ತರ ಬದಲಾಗುವುದಿಲ್ಲ. ಅನಟೇಸ್‌ಗೆ ಎಲ್ಲರೂ ಒಪ್ಪಿರುವ ಬೆಲೆಯೂ 3.2. ನಿಮ್ಮ ಅಳತೆ ಚೆನ್ನಾಗಿದೆ ಎನ್ನಲು ಇದೇ ಸಾಕ್ಷಿ.

ಈಗ 3.33ರ ವಿಷಯ. ಅದೇ ಬಿಂದುಗಳಿಗೆ ವರ್ಗಮೂಲದ ಬದಲು ವರ್ಗ ಹಾಕಿದರೆ 365ರಲ್ಲಿ 66.9, 370ರಲ್ಲಿ 21.5, 376ರಲ್ಲಿ 4.0 ಬರುತ್ತದೆ. ಮೇಲಿನ ಎರಡನ್ನು ಜೋಡಿಸಿದ ಗೆರೆ 3.33ರಲ್ಲಿ ಅಕ್ಷವನ್ನು ಮುಟ್ಟುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವರ್ಗ ಮಾಡಿದಾಗ ಚಿಕ್ಕ ಬೆಲೆಗಳು ಅಕ್ಷಕ್ಕೆ ಅಂಟಿಕೊಳ್ಳುತ್ತವೆ, ದೊಡ್ಡವು ಮೇಲಕ್ಕೆ ಜಿಗಿಯುತ್ತವೆ. ಕಣ್ಣಿಗೆ ನೇರವಾಗಿ ಕಾಣುವ ತುಂಡು ಹೆಚ್ಚಿನ ಶಕ್ತಿಯ ಕಡೆಗೆ ಸರಿಯುತ್ತದೆ. ಒಂದೇ ಅಂಚಿನ ಮೇಲೆ ಈ ಎರಡನ್ನೂ ಪ್ರಯೋಗಿಸಿದರೆ ವರ್ಗದ ಉತ್ತರ ವರ್ಗಮೂಲದ ಉತ್ತರಕ್ಕಿಂತ ಮೇಲೆಯೇ ಇರುತ್ತದೆ. ಟೈಟಾನಿಯಾದಲ್ಲಿ ಈ ವ್ಯತ್ಯಾಸ 0.1ರಿಂದ 0.2 ಇವಿ ಇರುವುದು ಮಾಮೂಲಿ.

"ಯಾವುದು ಹೆಚ್ಚು ನೇರವಾಗಿದೆಯೋ ಅದೇ ಸರಿಯಾದ ಘಾತ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದನ್ನು ನಂಬಬೇಡಿ. ಹತ್ತು-ಹನ್ನೆರಡು ನ್ಯಾನೋಮೀಟರ್ ಅಗಲದ ತುಂಡಿನಲ್ಲಿ ಯಾವ ನಯವಾದ ವಕ್ರವೂ ನೇರವಾಗಿಯೇ ಕಾಣುತ್ತದೆ. ಗ್ಯಾಪ್ ನೇರವೋ ಪರೋಕ್ಷವೋ, ಅಂದರೆ ಡೈರೆಕ್ಟೋ ಇನ್‌ಡೈರೆಕ್ಟೋ ಎಂಬುದು ವಸ್ತುವಿನ ಬ್ಯಾಂಡ್ ರಚನೆಯಿಂದ ತಿಳಿಯಬೇಕಾದ ಸಂಗತಿ. ಅದನ್ನು ತಿಳಿದುಕೊಂಡು ಪ್ಲಾಟ್‌ಗೆ ಬರಬೇಕು. ಅನಟೇಸ್ ಪರೋಕ್ಷ, ಆದ್ದರಿಂದ ವರ್ಗಮೂಲ. ಸತುವಿನ ಆಕ್ಸೈಡ್ ನೇರ, ಆದ್ದರಿಂದ ಅದಕ್ಕೆ ವರ್ಗ. ನೀವು ಓದಿದ ಪ್ರಬಂಧಗಳಲ್ಲಿ ಇದು ಅದಲುಬದಲಾಗಿ ಕಂಡಿದ್ದರೆ ಅದಕ್ಕೂ ಕಾರಣವಿದೆ. ಒಬ್ಬರು ಘಾತವನ್ನು 1/n ಎಂದು ಎಡಬದಿಗೆ ಹಾಕುತ್ತಾರೆ, ಇನ್ನೊಬ್ಬರು n/2 ಎಂದು ಬಲಬದಿಗೆ ಹಾಕುತ್ತಾರೆ. ಮೊದಲನೆಯದರಲ್ಲಿ ನೇರ ಗ್ಯಾಪ್‌ಗೆ n ಎಂದರೆ ಅರ್ಧ, ಪರೋಕ್ಷಕ್ಕೆ 2. ಎರಡನೆಯದರಲ್ಲಿ ನೇರಕ್ಕೆ 1, ಪರೋಕ್ಷಕ್ಕೆ 4. ಬರಹದಲ್ಲಿ n ಎಷ್ಟು ಎಂದು ಹೇಳುವ ಬದಲು y ಅಕ್ಷದ ಮೇಲೆ ಏನಿದೆ ಎಂಬುದನ್ನೇ ಪೂರ್ತಿ ಬರೆಯಿರಿ: (F(R)·hν)^(1/2). ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಯಾನ್ ಟೌಕ್ ಮತ್ತು ಸಂಗಡಿಗರು 1966ರಲ್ಲಿ ಈ ದಾರಿ ಹಾಕಿಕೊಟ್ಟದ್ದು ಹರಳಲ್ಲದ ಜರ್ಮೇನಿಯಂಗೆ. ಪುಡಿಗೂ ಅಲ್ಲ, ಪ್ರತಿಫಲನಕ್ಕೂ ಅಲ್ಲ, ಡೋಪ್ ಮಾಡಿದ ಫೋಟೋಕ್ಯಾಟಲಿಸ್ಟ್‌ಗಂತೂ ಅಲ್ಲವೇ ಅಲ್ಲ. ಹೀಗೆ ಎರವಲು ತಂದ ವಿಧಾನವಾದ್ದರಿಂದ ಅದರ ಹಿಂದಿನ ಒಂದು ಷರತ್ತು ದಾರಿಯಲ್ಲಿ ಕಳೆದುಹೋಗಿದೆ. ನಿಮ್ಮ ತೊಂದರೆಯ ಮೂಲ ಆ ಷರತ್ತಿನಲ್ಲೇ ಇದೆ.

ಗೆರೆಯನ್ನು ಅಕ್ಷದವರೆಗೆ ಎಳೆಯುವುದು ಏಕೆ? ಫೋಟಾನ್‌ನ ಶಕ್ತಿ ಗ್ಯಾಪ್‌ಗೆ ಸಮನಾದಾಗ ಹೀರಿಕೆ ಸೊನ್ನೆಯಾಗುತ್ತದೆ ಎಂದು ಸೂತ್ರ ಹೇಳುವುದರಿಂದ. ಆದರೆ ಬ್ಯಾಂಡಿನಿಂದ ಬ್ಯಾಂಡಿಗೆ ನೆಗೆಯುವ ಹೀರಿಕೆಯೊಂದನ್ನು ಬಿಟ್ಟು ಆ ಜಾಗದಲ್ಲಿ ಬೇರೇನೂ ಹೀರುತ್ತಿಲ್ಲ ಎಂದಾದರೆ ಮಾತ್ರ ಇದು ನಿಜ. ಹಳದಿ ಪುಡಿಯಲ್ಲಿ ಬೇರೇನೋ ಹೀರುತ್ತಿದೆ ಎಂಬುದು ಬರಿಗಣ್ಣಿಗೇ ಕಾಣುತ್ತಿದೆ. ಅಲ್ಲಿ ಸೊನ್ನೆ ಎಂಬ ಮಟ್ಟವೇ ಇಲ್ಲ. ಮುಖ್ಯ ಅಂಚು ಏಳುವುದು ಅಕ್ಷದ ಮೇಲಿಂದಲ್ಲ, ಆ ಹೊಸ ಹೀರಿಕೆಯ ಮೇಲಿಂದ.

ಹಳದಿ ಪುಡಿ:

| ತರಂಗಾಂತರ | ಪ್ರತಿಫಲನ % | hν | F(R) | ವರ್ಗಮೂಲ |
|---|---|---|---|---|
| 365 | 14 | 3.397 | 2.64 | 3.00 |
| 370 | 19 | 3.351 | 1.73 | 2.41 |
| 376 | 27 | 3.297 | 0.99 | 1.80 |
| 400 | 55 | 3.100 | 0.18 | 0.755 |
| 420 | 60 | 2.952 | 0.13 | 0.627 |
| 450 | 70 | 2.755 | 0.064 | 0.421 |

ಇದರಲ್ಲಿ ಮೂರು ರೀತಿಯಲ್ಲಿ ಗೆರೆ ಎಳೆಯಬಹುದು.

ನೀವು ಎಳೆದದ್ದು ಆ ಹೊಸ ಹೀರಿಕೆಯಿಂದ 400ರಿಂದ 450ರವರೆಗೆ ಎದ್ದ ಉಬ್ಬಿನ ಮೇಲೆ. ಇಳಿಜಾರು 0.97, ಅಕ್ಷ ಮುಟ್ಟುವುದು 2.32ರಲ್ಲಿ.

ಮುಖ್ಯ ಅಂಚಿನ ಮೇಲೆ, 365ರಿಂದ 376ರವರೆಗೆ ಎಳೆದು ಅಕ್ಷದವರೆಗೆ ಇಳಿಸಿದರೆ ಇಳಿಜಾರು 12, ಉತ್ತರ 3.15. ಬಹಳ ಜನ ಹೀಗೆ ಮಾಡಿ "ಗ್ಯಾಪ್ 3.20ರಿಂದ 3.15ಕ್ಕೆ ಇಳಿಯಿತು" ಎಂದು ಬರೆಯುತ್ತಾರೆ. ಉಬ್ಬು ಹೆಚ್ಚಿದಷ್ಟೂ ಈ ಸಂಖ್ಯೆ ಕೆಳಗಿಳಿಯುತ್ತದೆ. ಅಂಚು ಇದ್ದಲ್ಲೇ ಇದ್ದರೂ ಡೋಪಿಂಗ್ ಪ್ರಮಾಣಕ್ಕೆ ತಕ್ಕಂತೆ ಗ್ಯಾಪ್ ಕುಗ್ಗಿದ ಹಾಗೆ ಅಂದವಾದ ಸಾಲು ಸಿಕ್ಕಿಬಿಡುತ್ತದೆ. 2.32ನ್ನು ನೋಡಿದವರಿಗೆ ಅನುಮಾನ ಬರುತ್ತದೆ, 3.15ನ್ನು ನೋಡಿದವರಿಗೆ ಬರುವುದಿಲ್ಲ. ಆ ಲೆಕ್ಕದಲ್ಲಿ ಈ ಎರಡನೇ ತಪ್ಪೇ ಹೆಚ್ಚು ಅಪಾಯದ್ದು.

ಮೂರನೆಯದು, ಉಬ್ಬಿಗೆ ಒಂದು ಗೆರೆ, ಅಂಚಿಗೆ ಒಂದು ಗೆರೆ ಎಳೆದು ಅವೆರಡೂ ಕೂಡುವ ಜಾಗವನ್ನು ಓದುವುದು. ಉಬ್ಬಿನ ಗೆರೆಗೆ 400ರಿಂದ 450ರ ಬಿಂದುಗಳು, ಅಂಚಿನ ಗೆರೆಗೆ 365ರಿಂದ 376ರವು. ಸ್ಪ್ರೆಡ್‌ಶೀಟ್‌ನಲ್ಲಿ SLOPE ಮತ್ತು INTERCEPT ಬಳಸಿ ಎರಡೂ ಗೆರೆಗಳ m, c ತೆಗೆದುಕೊಂಡರೆ ಕೂಡುವ ಜಾಗ ಹೀಗೆ ಸಿಗುತ್ತದೆ:

```
Eg = (c_base - c_edge) / (m_edge - m_base)
```

ನಿಮ್ಮ ಸಂಖ್ಯೆಗಳಿಗೆ ಅದು 3.22. ಆ ಜಾಗದಲ್ಲಿ y ಬೆಲೆ ಸುಮಾರು 0.87 ಇದೆ, ಸೊನ್ನೆಯಲ್ಲ. ಅಕ್ಷದವರೆಗೆ ಎಳೆದವರು ಈ 0.87ನ್ನೂ ಟೈಟಾನಿಯಾದ ಖಾತೆಗೆ ಹಾಕಿ 0.07 ಇವಿ ಕಳೆದುಕೊಳ್ಳುತ್ತಾರೆ.

ಇನ್ನು ನಿಮ್ಮ ಆರ್-ಸ್ಕ್ವೇರ್ 0.99. ಅದು ಹೇಳುವುದು ಬಿಂದುಗಳು ಒಂದು ಗೆರೆಯ ಹತ್ತಿರ ಇವೆ ಎಂಬುದನ್ನು ಮಾತ್ರ. ಆ ಗೆರೆ ಬ್ಯಾಂಡ್ ಗ್ಯಾಪ್‌ನದು ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಎರಡಿವೆ.

ಒಂದು, ಕಿಟಕಿಯನ್ನು, ಅಂದರೆ ಗೆರೆಗೆ ಹಿಡಿದ ತರಂಗಾಂತರದ ವ್ಯಾಪ್ತಿಯನ್ನು, ಸರಿಸಿ ನೋಡುವುದು. ಉಬ್ಬಿನಲ್ಲಿ 400–420 ಮಾತ್ರ ಹಿಡಿದರೆ ಉತ್ತರ 2.23, 420–450 ಹಿಡಿದರೆ 2.35. ಅದೇ ಕೆಲಸವನ್ನು ಮುಖ್ಯ ಅಂಚಿನಲ್ಲಿ ಮಾಡಿದರೆ, 365–370 ಮತ್ತು 370–376ರ ಗೆರೆಗಳು 3.16 ಮತ್ತು 3.14ರಲ್ಲಿ ಅಕ್ಷ ಮುಟ್ಟುತ್ತವೆ. ಒಂದು ಕಡೆ 0.12 ಇವಿ ಅಲೆದಾಟ, ಇನ್ನೊಂದು ಕಡೆ 0.03ರ ಒಳಗೆ. ಕಿಟಕಿ ಸರಿದಂತೆ ಉತ್ತರವೂ ಜೊತೆಗೇ ನಡೆಯುತ್ತಿದ್ದರೆ ನೀವು ನಿಂತಿರುವುದು ಅಂಚಿನ ಮೇಲಲ್ಲ, ಬಾಲದ ಮೇಲೆ.

ಎರಡು, ಇಳಿಜಾರುಗಳನ್ನು ಹೋಲಿಸುವುದು. ಅಂಚಿನದು 12, ಉಬ್ಬಿನದು 0.97. ಅನುಪಾತ ಸುಮಾರು 12. ಆದರೆ y ಅಕ್ಷದ ಮೇಲಿರುವುದು ವರ್ಗಮೂಲ. ನಿಜವಾದ ಹೀರಿಕೆಗೆ ಬಂದರೆ ಇದರ ವರ್ಗ, ಸುಮಾರು 150 ಪಟ್ಟು. ಇಡೀ ವಸ್ತುವಿನ ವೇಲೆನ್ಸ್ ಬ್ಯಾಂಡೇ ಮೇಲಕ್ಕೆ ಬಂದು ಗ್ಯಾಪ್ ಕುಗ್ಗಿದ್ದರೆ ಹೊಸ ಅಂಚೂ ಹಳೆಯದರಷ್ಟೇ ಕಡಿದಾಗಿ, ಎಡಕ್ಕೆ ಸರಿದು ಕಾಣಬೇಕಿತ್ತು. 150 ಪಟ್ಟು ದುರ್ಬಲವಾದ ಹೀರಿಕೆ ಎಂದರೆ ಸ್ವಲ್ಪವೇ ಇರುವ ಮಟ್ಟಗಳಿಂದ ಬಂದದ್ದು, ಇಲ್ಲವೇ ಸ್ವಲ್ಪವೇ ಇರುವ ಬೇರೊಂದು ವಸ್ತುವಿನಿಂದ ಬಂದದ್ದು. ವರ್ಗಮೂಲ ಈ ಸಣ್ಣ ಹೀರಿಕೆಯನ್ನು ದೊಡ್ಡದಾಗಿ ತೋರಿಸುತ್ತದೆ ಎಂಬುದೂ ನೆನಪಿರಲಿ. ಬರಿಯ F(R) ಅನ್ನು hν ಎದುರು ಒಮ್ಮೆ ಪ್ಲಾಟ್ ಮಾಡಿ ನೋಡಿ, ಉಬ್ಬು ನೆಲಕ್ಕೆ ಅಂಟಿದ ಹಾಗೆ ಕಾಣುತ್ತದೆ.

ಹಾಗಾದರೆ ಹಳದಿ ಎಲ್ಲಿಂದ ಬಂತು? ಯೂರಿಯಾ ಬಳಸಿದ ಮಾದರಿಯಲ್ಲಿ ಎರಡು ಉತ್ತರಗಳನ್ನು ಬೇರ್ಪಡಿಸಿಕೊಳ್ಳಬೇಕು.

ಮೊದಲನೆಯದು ನೀವು ಬಯಸಿದ್ದು: ನೈಟ್ರೋಜನ್ ಹರಳಿನೊಳಗೆ ಸೇರಿದೆ. ದೃಗ್ಗೋಚರ ಬೆಳಕಿಗೆ ಸ್ಪಂದಿಸುವ ನೈಟ್ರೋಜನ್ ಡೋಪ್ಡ್ ಟೈಟಾನಿಯಾದ ಭರಾಟೆ ಶುರುವಾದದ್ದು 2001ರಲ್ಲಿ ಜಪಾನಿನ ಅಸಾಹಿ ಮತ್ತು ಸಂಗಡಿಗರ ವರದಿಯಿಂದ. ನೈಟ್ರೋಜನ್‌ನ ಮಟ್ಟಗಳು ಆಕ್ಸಿಜನ್‌ನ ಮಟ್ಟಗಳ ಜೊತೆ ಬೆರೆತು ಗ್ಯಾಪ್ ಕುಗ್ಗುತ್ತದೆ ಎಂಬುದು ಅಲ್ಲಿನ ವಿವರಣೆ. ಕಡಿಮೆ ಪ್ರಮಾಣದ ನೈಟ್ರೋಜನ್ ಬ್ಯಾಂಡನ್ನು ಮೇಲಕ್ಕೆತ್ತುವುದಿಲ್ಲ, ವೇಲೆನ್ಸ್ ಬ್ಯಾಂಡಿನ ಸ್ವಲ್ಪ ಮೇಲೆ ಒಂಟಿ ಮಟ್ಟಗಳನ್ನು ಕೂರಿಸುತ್ತದೆ ಎಂಬ ವಾದ ಅದರ ಬೆನ್ನಿಗೇ ಬಂತು. ನಿಮ್ಮ ಸ್ಪೆಕ್ಟ್ರಂನಲ್ಲಿ ಅಂಚು ಅಲುಗದೆ ಉಬ್ಬು ಮಾತ್ರ ಬಂದಿರುವುದು ಈ ಎರಡನೇ ಚಿತ್ರಕ್ಕೆ ಹೊಂದುತ್ತದೆ. ಜೊತೆಗೆ ಆಕ್ಸಿಜನ್ ಖಾಲಿ ಜಾಗಗಳೂ ಇದರಲ್ಲಿ ಪಾಲು ಪಡೆದಿರಬಹುದು.

ಎರಡನೆಯದು ಬಯಸದೇ ಬರುವುದು. ಮುಚ್ಚಿದ ಕ್ರೂಸಿಬಲ್‌ನಲ್ಲಿ ಯೂರಿಯಾ ಕಾಯಿಸುವುದು ಕಾರ್ಬನ್ ನೈಟ್ರೈಡ್ ಮಾಡುವ ವಿಧಾನವೂ ಹೌದು. ಅದು ಹಳದಿ ಪುಡಿ, ಗ್ಯಾಪ್ ಸುಮಾರು 2.7 ಇವಿ, ಅಂದರೆ 460 ನ್ಯಾನೋಮೀಟರ್ ಆಸುಪಾಸು. ಪೂರ್ತಿಯಾಗಿ ಆಗಲು 500–550 ಡಿಗ್ರಿ ಬೇಕಾದರೂ 450ರಲ್ಲಿ ಅದರ ಅರೆಬೆಂದ ರೂಪಗಳು ಟೈಟಾನಿಯಾದ ಮೇಲೆ ಕೂರಲು ಅಡ್ಡಿಯಿಲ್ಲ. ಹಾಗಾಗಿದ್ದರೆ ನಿಮ್ಮ ಕೈಯಲ್ಲಿರುವುದು ಡೋಪ್ ಆದ ಟೈಟಾನಿಯಾ ಅಲ್ಲ, ಎರಡು ವಸ್ತುಗಳ ಮಿಶ್ರಣ. ಮಿಶ್ರಣಕ್ಕೆ ತನ್ನದೇ ಆದ ಒಂದು ಬ್ಯಾಂಡ್ ಗ್ಯಾಪ್ ಇರುವುದಿಲ್ಲ. ಒಳಗಿರುವ ಒಂದೊಂದಕ್ಕೂ ಅದರದರದು ಇರುತ್ತದೆ. ಬಿಳಿ ಟೈಟಾನಿಯಾಗೆ ಚಿಟಿಕೆ ಅರಿಶಿನ ಕಲಸಿ ಟೌಕ್ ಪ್ಲಾಟ್ ಹಾಕಿದರೂ ನಿಮ್ಮಂಥದೇ ಉಬ್ಬು, ಆರ್-ಸ್ಕ್ವೇರ್ ಸಮೇತ, ಬರುತ್ತದೆ.

ಇವೆರಡನ್ನು ಡಿಆರ್‌ಎಸ್ ಒಂದರಿಂದಲೇ ಬೇರ್ಪಡಿಸಲು ಆಗುವುದಿಲ್ಲ. ಎಕ್ಸ್‌ಆರ್‌ಡಿಯಲ್ಲಿ, ತಾಮ್ರದ ಟ್ಯೂಬ್ ಬಳಸಿದಾಗ, ಕಾರ್ಬನ್ ನೈಟ್ರೈಡ್‌ನ ಮುಖ್ಯ ಪೀಕ್ 27.4 ಡಿಗ್ರಿ ಹತ್ತಿರ ಬರುತ್ತದೆ. ದುರದೃಷ್ಟಕ್ಕೆ ರೂಟೈಲ್‌ನ ಮುಖ್ಯ ಪೀಕ್ ಕೂಡ ಅಲ್ಲೇ. ಅಲ್ಲೊಂದು ಸಣ್ಣ ಗುಬುಟು ಕಂಡರೆ 36.1 ಮತ್ತು 54.3 ಡಿಗ್ರಿಯಲ್ಲೂ ನೋಡಿ. ಅಲ್ಲೂ ಪೀಕ್ ಇದ್ದರೆ ರೂಟೈಲ್. ರೂಟೈಲ್ ಇದ್ದರೆ ಅದರ 3.0 ಇವಿ ಅಂಚು 413 ನ್ಯಾನೋಮೀಟರ್ ಹತ್ತಿರ ತಾನೇ ಒಂದು ಮೆಟ್ಟಿಲು ಹಾಕುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಫ್‌ಟಿಐಆರ್‌ನಲ್ಲಿ 810 ಸೆಂ.ಮೀ⁻¹ ಸುತ್ತ ಚೂಪಾದ ಪೀಕ್, ಜೊತೆಗೆ 1200–1650ರ ನಡುವೆ ಸಾಲು ಪೀಕ್‌ಗಳು ಇದ್ದರೆ ಕಾರ್ಬನ್ ನೈಟ್ರೈಡ್ ಜಾತಿಯದು ಇದೆ ಎಂದರ್ಥ. ಟೈಟಾನಿಯಾದ್ದೇ ಅಗಲವಾದ ಹೀರಿಕೆ 810ರ ಜಾಗವನ್ನು ಮಸುಕು ಮಾಡಬಹುದಾದ್ದರಿಂದ ಎರಡನೇ ಗುಂಪನ್ನೇ ಹೆಚ್ಚು ನಂಬಿ. ಎಕ್ಸ್‌ಪಿಎಸ್ ಸಿಕ್ಕರೆ ನೈಟ್ರೋಜನ್ 1s ರೇಖೆ 396 ಇವಿ ಹತ್ತಿರ ಇದ್ದರೆ ಅದು ಟೈಟಾನಿಯಂಗೆ ಅಂಟಿದ ನೈಟ್ರೋಜನ್, 398.7 ಹತ್ತಿರ ಇದ್ದರೆ ಕಾರ್ಬನ್ ನೈಟ್ರೈಡ್ ಉಂಗುರದ್ದು. 400ರ ಪೀಕ್ ಮಾತ್ರ ಕಂಡರೆ ಅವಸರದ ತೀರ್ಮಾನ ಬೇಡ. ಹರಳಿನ ಸಂದಿಯಲ್ಲಿ ಕೂತ ನೈಟ್ರೋಜನ್, ಮೇಲ್ಮೈಗೆ ಅಂಟಿದ ಅಮೋನಿಯಾ ಜಾತಿಯವು, ಎಲ್ಲವೂ ಆ ಸುತ್ತಲೇ ಬರುತ್ತವೆ.

ಹೊಸದಾಗಿ ಅಳತೆ ಮಾಡುವ ಅವಕಾಶವಿದ್ದರೆ ಕೆಲವು ಸಂಗತಿಗಳನ್ನು ಗಮನಿಸಿ. ಹೋಲ್ಡರ್‌ನಲ್ಲಿ ಪುಡಿ ಕನಿಷ್ಠ 2–3 ಮಿಲಿಮೀಟರ್ ದಪ್ಪ ಇರಲಿ. ತೆಳುವಾಗಿದ್ದರೆ ಹಿಂಬದಿಯ ಕಿಟಕಿಯೋ ಹೋಲ್ಡರ್ ತಳವೋ ಸ್ಪೆಕ್ಟ್ರಂನಲ್ಲಿ ಸೇರಿಕೊಳ್ಳುತ್ತದೆ, ಅದೂ ಹೀರಿಕೆ ಕಡಿಮೆಯಿರುವ ಉಬ್ಬಿನ ಜಾಗದಲ್ಲೇ. ಎರಡೂ ಪುಡಿಗಳನ್ನು ಅಗೇಟ್ ಒರಳಿನಲ್ಲಿ ಒಂದೇ ರೀತಿ ಅರೆದು, ಒಂದೇ ಒತ್ತಡದಲ್ಲಿ, ಮೇಲ್ಮೈ ಹೊಳಪಾಗದಂತೆ ತುಂಬಿ. ಬೇರಿಯಂ ಸಲ್ಫೇಟ್ ಬಳಸಿ 100 ಶೇಕಡ ಬೇಸ್‌ಲೈನ್ ತೆಗೆದ ಮೇಲೆ ಅದನ್ನೇ ಒಮ್ಮೆ ಸ್ಯಾಂಪಲ್‌ನಂತೆ ಓದಿಸಿ. 300ರಿಂದ 600ರವರೆಗೆ 100ರಿಂದ ಒಂದು ಶೇಕಡಕ್ಕಿಂತ ಹೆಚ್ಚು ಅಲುಗಿದರೆ ಮುಂದುವರಿಯಬೇಡಿ. ಪ್ರತಿಫಲನ 96 ಇರುವ ಬಿಳಿ ಪುಡಿಗೆ ಅಷ್ಟು ವ್ಯತ್ಯಾಸವೂ ತಳದ ಮಟ್ಟವನ್ನು ಎತ್ತಿಬಿಡುತ್ತದೆ.

ದೀಪ ಬದಲಾಗುವ ಜಾಗವನ್ನು ಬಹಳ ಜನ ಗಮನಿಸುವುದೇ ಇಲ್ಲ. ಡ್ಯುಟೀರಿಯಂ ದೀಪದಿಂದ ಟಂಗ್‌ಸ್ಟನ್ ದೀಪಕ್ಕೆ ಉಪಕರಣ ಬದಲಾಗುವುದು ಸಾಮಾನ್ಯವಾಗಿ 340 ನ್ಯಾನೋಮೀಟರ್ ಆಸುಪಾಸಿನಲ್ಲಿ. ಟೈಟಾನಿಯಾದ ಅಂಚಿಗೆ ಅದು ಇರಿಸುಮುರಿಸಿನಷ್ಟು ಹತ್ತಿರ. ಅಲ್ಲೊಂದು ಸಣ್ಣ ಮೆಟ್ಟಿಲು ಕಂಡರೆ ಗೆರೆಯ ಕಿಟಕಿಯನ್ನು ಅದರ ಒಂದೇ ಬದಿಯಲ್ಲಿ ಇಟ್ಟುಕೊಳ್ಳಿ. ಸೆಟ್ಟಿಂಗ್‌ನಲ್ಲಿ ಸರಿಸಲು ಬರುವುದಾದರೆ 320 ಕಡೆಗೆ ಸರಿಸಿ. ಸ್ಲಿಟ್ 2 ನ್ಯಾನೋಮೀಟರ್ ಸಾಕು. 387ರ ಹತ್ತಿರ ಒಂದು ನ್ಯಾನೋಮೀಟರ್ ಎಂದರೆ 0.008 ಇವಿ, ಅಂದರೆ 5ರ ಸ್ಲಿಟ್ ಇಟ್ಟರೆ 0.04 ಇವಿ ಅಲ್ಲೇ ಮಸುಕಾಯಿತು.

ಅಂಚಿನ ಗೆರೆಯನ್ನು ಎಷ್ಟು ಮೇಲಕ್ಕೆ ಒಯ್ಯಬಹುದು ಎಂಬುದಕ್ಕೆ ಪ್ರತಿಫಲನವೇ ಮಿತಿ ಹಾಕುತ್ತದೆ. ಪ್ರತಿಫಲನ 5 ಶೇಕಡ ಇದ್ದಾಗ F(R) 9.0, ಅದು 4 ಆದರೆ 11.5. ಒಂದೇ ಒಂದು ಶೇಕಡಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ. ಆ ಒಂದು ಶೇಕಡ ಬಿಡಾಡಿ ಬೆಳಕೂ ಆಗಿರಬಹುದು, ಮೇಲ್ಮೈಯಿಂದ ಕನ್ನಡಿಯಂತೆ ಚಿಮ್ಮಿದ್ದೂ ಆಗಿರಬಹುದು. ಹಾಗಾಗಿ 10 ಶೇಕಡಕ್ಕಿಂತ ಕೆಳಗಿನ ಬಿಂದುಗಳನ್ನು ಗೆರೆಗೆ ಸೇರಿಸಬೇಡಿ. ನಿಮ್ಮ 365 ನ್ಯಾನೋಮೀಟರ್‌ನ 14 ಶೇಕಡ ಇನ್ನೂ ಸುರಕ್ಷಿತ. ಅಂಚು ಪೂರ್ತಿ ಕಾಣಲೇಬೇಕು ಎಂದರೆ ಒಂದು ಪಾಲು ಪುಡಿಗೆ ಒಂಬತ್ತು ಪಾಲು ಬೇರಿಯಂ ಸಲ್ಫೇಟ್ ತೂಕದಲ್ಲಿ ಬೆರೆಸಿ ಓದಿಸಿ. ಆದರೆ ಉಬ್ಬೂ ಅದೇ ಲೆಕ್ಕದಲ್ಲಿ ತೆಳುವಾಗುತ್ತದೆ, ಆದ್ದರಿಂದ ಉಬ್ಬನ್ನು ಬೆರೆಸದ ಪುಡಿಯಲ್ಲೇ ನೋಡಬೇಕು.

ಈಗ ಬರೆಯುವ ವಿಷಯ. ನನ್ನ ಆಯ್ಕೆ ಎರಡು ಗೆರೆಗಳು ಕೂಡುವ ವಿಧಾನ. ಅದರ ದೌರ್ಬಲ್ಯವೂ ತಿಳಿದಿರಲಿ: ಉಬ್ಬು ಅಂಚಿನ ಕೆಳಗೂ ನೇರವಾಗಿಯೇ ಮುಂದುವರಿಯುತ್ತದೆ ಎಂದು ಅದು ಊಹಿಸುತ್ತದೆ. ಉಬ್ಬು ಅಂಚಿಗೆ ತೀರಾ ಹತ್ತಿರ ಬಂದು ಅದರೊಳಗೆ ಕರಗಿದ್ದರೆ, ಎರಡು ಗೆರೆಗಳ ನಡುವೆ ಸ್ಪಷ್ಟವಾದ ಮೊಣಕಾಲು ಕಾಣದಿದ್ದರೆ, ಈ ವಿಧಾನ ಕೈಕೊಡುತ್ತದೆ. ಅಂಥ ಕಡೆ ಹಳದಿಯ F(R)ನಿಂದ ಬಿಳಿಯದನ್ನು ಕಳೆದು ವ್ಯತ್ಯಾಸದ ಸ್ಪೆಕ್ಟ್ರಂ ತೋರಿಸಬಹುದು. ಉಬ್ಬಿನ ಆಕಾರ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಕಳೆಯುವ ಮುನ್ನ ಎರಡು ಪುಡಿಗಳ ಚದುರಿಕೆ ಒಂದೇ ಎಂದು ಒಪ್ಪಿರುತ್ತೀರಿ. ಕಾಯಿಸಿದಾಗ ಕಣಗಳು ಬೆಳೆದಿದ್ದರೆ ಅದು ಸುಳ್ಳಾಗುತ್ತದೆ, ಅಂಚಿನ ಜಾಗದಲ್ಲಿ ಇಲ್ಲದ ಪೀಕ್ ಹುಟ್ಟುತ್ತದೆ. ಘಾತದ ಗೊಡವೆಯೇ ಬೇಡವೆಂದರೆ ಪ್ರತಿಫಲನದ ಮೊದಲ ಡೆರಿವೇಟಿವ್ ತೆಗೆದು ಅದರ ತುದಿ ಎಲ್ಲಿದೆ ಎಂದು ಎರಡೂ ಪುಡಿಗಳಿಗೆ ಹೋಲಿಸಿ. ಅದು ಕೊಡುವ ಸಂಖ್ಯೆ ಗ್ಯಾಪ್ ಅಲ್ಲ, ಆದರೆ ಅಂಚು ಅಲುಗಿದೆಯೋ ಇಲ್ಲವೋ ಎಂಬುದಕ್ಕೆ ನಿಷ್ಪಕ್ಷಪಾತ ಸಾಕ್ಷಿ. ಹೆಚ್ಚು ನಯಗೊಳಿಸಿದರೆ ತುದಿ ತಾನೇ ಸರಿಯುತ್ತದೆ, ಆದ್ದರಿಂದ ಎರಡಕ್ಕೂ ಒಂದೇ ಸೆಟ್ಟಿಂಗ್ ಇರಲಿ.

ದೋಷದ ಅಂದಾಜಿಗೆ ಪ್ರತಿ ಪುಡಿಯನ್ನು ಮೂರು ಸಲ ಹೊಸದಾಗಿ ತುಂಬಿ ಓದಿಸಿ, ಪ್ರತಿಯೊಂದಕ್ಕೂ ಕಿಟಕಿಯನ್ನು ಎರಡು-ಮೂರು ನ್ಯಾನೋಮೀಟರ್ ಆಚೀಚೆ ಸರಿಸಿ ಉತ್ತರ ತೆಗೆಯಿರಿ. ಒಟ್ಟು ಹರಡಿಕೆ ಸಾಮಾನ್ಯವಾಗಿ ±0.03ರಿಂದ ±0.05 ಇವಿ ಬರುತ್ತದೆ. ಆದ್ದರಿಂದ 3.20 ಮತ್ತು 3.22ರ ನಡುವೆ ಯಾವ ಕಥೆಯನ್ನೂ ಕಟ್ಟಬೇಡಿ. "ಹಿಗ್ಗಿತು" ಎಂದೂ ಅಲ್ಲ. ಮೂರನೇ ದಶಮಾಂಶ ಬರೆದರೆ ಅದನ್ನು ಅಳೆದಿದ್ದೇವೆ ಎಂದು ಹೇಳಿದಂತಾಗುತ್ತದೆ, ಬೇಡ.

ಉಬ್ಬಿಗೆ ಇವಿಯಲ್ಲಿ ಗ್ಯಾಪ್ ಕೊಡುವ ಬದಲು "ಸುಮಾರು 500 ನ್ಯಾನೋಮೀಟರ್‌ವರೆಗೆ ಹಬ್ಬಿದ ಹೆಚ್ಚುವರಿ ಹೀರಿಕೆ" ಎಂದು ವಿವರಿಸಿ. ನಿಮ್ಮ ಇಡೀ ಸ್ಪೆಕ್ಟ್ರಂ ನೋಡಿ ಆ ಮಿತಿಯನ್ನು ತಿದ್ದಿಕೊಳ್ಳಿ. ಈ ಹೀರಿಕೆಯಿಂದ ಕೆಲಸವಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ 420 ನ್ಯಾನೋಮೀಟರ್ ಕಟ್-ಆಫ್ ಫಿಲ್ಟರ್ ಹಾಕಿ ಪ್ರಯೋಗ ಮಾಡಬೇಕು. ಆಗ ಮೆಥಿಲೀನ್ ಬ್ಲೂ ಬೇಡ. ಅದು ತಾನೇ 664ರಲ್ಲಿ ಬೆಳಕು ಹೀರಿ ಟೈಟಾನಿಯಾಗೆ ಎಲೆಕ್ಟ್ರಾನ್ ಕೊಟ್ಟು ಕರಗಿ, ಉಬ್ಬಿನ ಕೆಲಸವೇನೋ ಎಂಬ ಭ್ರಮೆ ಹುಟ್ಟಿಸುತ್ತದೆ. ಬಣ್ಣವಿಲ್ಲದ ಫೀನಾಲ್ ಬಳಸಿ.

ರಿವ್ಯೂವರ್‌ಗೆ ಕೊಡುವ ಉತ್ತರದಲ್ಲಿ 2.32ನ್ನು ಸಮರ್ಥಿಸಲು ಹೋಗದೆ ಹಿಂತೆಗೆದುಕೊಳ್ಳಿ. ಚಿತ್ರವನ್ನು ಹೊಸದಾಗಿ ಹಾಕಿ: ಎರಡೂ ಪುಡಿಗಳು ಒಂದೇ ಪ್ಲಾಟ್‌ನಲ್ಲಿ, hν ಅಕ್ಷ 2.2ರಿಂದ 3.6ರವರೆಗೆ, ಎರಡೂ ಗೆರೆಗಳು ಕಾಣುವಂತೆ, ಗೆರೆಗೆ ಬಳಸಿದ ಬಿಂದುಗಳನ್ನು ಗಾಢವಾಗಿ ಗುರುತಿಸಿ. ಅಕ್ಷವನ್ನು 3.0ಕ್ಕೇ ಕತ್ತರಿಸಿ ಉಬ್ಬನ್ನು ಮರೆಮಾಡಬೇಡಿ. ಪಕ್ಕದಲ್ಲೇ ಒಂದು ಸಣ್ಣ ಚೌಕದಲ್ಲಿ ಮೂಲ ಪ್ರತಿಫಲನದ ಸ್ಪೆಕ್ಟ್ರಂ ಇಟ್ಟರೆ, ಬೇಕಾದವರು ನಿಮ್ಮ ಲೆಕ್ಕವನ್ನು ತಾವೇ ಹಾಕಿ ನೋಡಬಹುದು.